ಮಾಹಿತಿ ಹಕ್ಕಿನ 8(1)(ಜೆ): ತೂಗುವ ಕೆಲಸ ಈಗ ಯಾರದ್ದು?

ಮಾಹಿತಿ ಕೇಳಿ ಅರ್ಜಿ ಹಾಕಿದವರಿಗೆ "ಸೆಕ್ಷನ್ 8(1)(ಜೆ) ಅಡಿ ನೀಡಲು ಬರುವುದಿಲ್ಲ" ಎಂಬ ಹಿಂಬರಹ ಹೊಸದೇನಲ್ಲ. ಹೊಸದೇನೆಂದರೆ ಆ ಸೆಕ್ಷನ್ನೇ ಬದಲಾಗಿದೆ. 2005ರಲ್ಲಿ ಅದು ಷರತ್ತುಗಳಿದ್ದ ಒಂದು ಉದ್ದನೆಯ ವಾಕ್ಯ. 2025ರ ನವೆಂಬರ್‌ನಿಂದ ಅದರಲ್ಲಿ ಉಳಿದಿರುವುದು ಇಷ್ಟೇ: ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲಿ ಪಾಸಾಯಿತು. ಅದರ ಸೆಕ್ಷನ್ 44(3) ಈ ತಿದ್ದುಪಡಿ ಮಾಡಿತು. ಎರಡು ವರ್ಷ ಕಾದು, ನಿಯಮಗಳು ಬಂದಾಗ ಅದೂ ಜಾರಿಗೆ ಬಂತು.

ಕಾನೂನು ಕಾಲೇಜಿನ ಪಬ್ಲಿಕ್ ಲಾ ಪತ್ರಿಕೆಯಲ್ಲಿ ಇದು ಖಾಯಂ ಪ್ರಶ್ನೆ: ಪಾರದರ್ಶಕತೆ ಮತ್ತು ಖಾಸಗಿತನದ ನಡುವೆ ಕೋರ್ಟುಗಳು ಹೇಗೆ ಸಮತೋಲನ ಮಾಡಿವೆ? ಮುಕ್ಕಾಲು ಪಾಲು ಉತ್ತರಗಳು "ಎರಡೂ ಹಕ್ಕುಗಳು ಮುಖ್ಯ, ಕೋರ್ಟು ಎರಡನ್ನೂ ತೂಗಿ ನೋಡಿದೆ" ಎಂದು ಬರೆದು ಮುಗಿಸುತ್ತವೆ. ಅದು ತಪ್ಪಲ್ಲ. ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಕೇಳಬೇಕಾದದ್ದು ಬೇರೆ. ತೂಗುವವರು ಯಾರು? ಯಾವ ಹಂತದಲ್ಲಿ ತೂಗುತ್ತಾರೆ? ಸಾಬೀತು ಮಾಡುವ ಹೊರೆ ಯಾರ ಮೇಲಿದೆ? ಈ ಮೂರಕ್ಕೆ ಉತ್ತರ ಹುಡುಕುತ್ತಾ ಹೋದರೆ, ತಿದ್ದುಪಡಿಯಲ್ಲಿ ನಿಜಕ್ಕೂ ಬದಲಾದದ್ದು ಏನು ಎಂದು ಗೊತ್ತಾಗುತ್ತದೆ.

ಮೊದಲು ಚೌಕಟ್ಟು ನೋಡೋಣ. ಸೆಕ್ಷನ್ 8(1)ರಲ್ಲಿ 'ಎ'ಯಿಂದ 'ಜೆ'ವರೆಗೆ ಹತ್ತು ವಿನಾಯಿತಿಗಳಿವೆ. ದೇಶದ ಭದ್ರತೆ, ಕೋರ್ಟು ನಿಷೇಧಿಸಿದ ಮಾಹಿತಿ, ಶಾಸನ ಸಭೆಯ ಹಕ್ಕುಚ್ಯುತಿ, ವ್ಯಾಪಾರದ ಗುಟ್ಟು, ನಂಬಿಕೆಯ ಸಂಬಂಧದಲ್ಲಿ ಸಿಕ್ಕ ಮಾಹಿತಿ, ತನಿಖೆಗೆ ಅಡ್ಡಿಯಾಗುವಂಥದ್ದು, ಸಚಿವ ಸಂಪುಟದ ಕಾಗದಗಳು, ಹೀಗೆ. ಇವೆಲ್ಲ ಒಂದೇ ಜಾತಿಯವಲ್ಲ. ಕೆಲವದರಲ್ಲಿ ಹಾನಿ ತೋರಿಸಬೇಕು. ತನಿಖೆ ನಡೆಯುತ್ತಿದೆ ಎಂದರೆ ಸಾಲದು, ಮಾಹಿತಿ ಕೊಟ್ಟರೆ ತನಿಖೆಗೆ ಅಡ್ಡಿಯಾಗುತ್ತದೆ ಎಂದು ಹೇಳಬೇಕು. ಇನ್ನು ಕೆಲವದರ ಒಳಗೇ ಬೀಗದ ಕೈ ಇಟ್ಟಿದ್ದರು: "ಹೆಚ್ಚಿನ ಸಾರ್ವಜನಿಕ ಹಿತಾಸಕ್ತಿ ಇದ್ದರೆ ಕೊಡಬಹುದು." 'ಡಿ', 'ಇ' ಮತ್ತು 'ಜೆ' ಇಂಥವು. ಇವೆಲ್ಲದರ ಮೇಲೆ ಸೆಕ್ಷನ್ 8(2) ಇದೆ. ಹಾನಿಗಿಂತ ಸಾರ್ವಜನಿಕ ಹಿತ ಜಾಸ್ತಿ ಇದ್ದರೆ, ಯಾವ ವಿನಾಯಿತಿ ಇದ್ದರೂ, ಅಧಿಕೃತ ರಹಸ್ಯಗಳ ಕಾಯ್ದೆ ಇದ್ದರೂ, ಸಾರ್ವಜನಿಕ ಪ್ರಾಧಿಕಾರ ಮಾಹಿತಿ ಕೊಡಬಹುದು ಎನ್ನುತ್ತದೆ ಅದು. ಈ "ಕೊಡಬಹುದು" ಎಂಬ ಪದ ಮುಂದೆ ಬೇಕಾಗುತ್ತದೆ.

ಈಗ ಹಳೆಯ 'ಜೆ' ಖಂಡ. ಅದರಲ್ಲಿ ಮೂರು ಮೆಟ್ಟಿಲುಗಳಿದ್ದವು. ಒಂದು, ಕೇಳಿದ್ದು ವೈಯಕ್ತಿಕ ಮಾಹಿತಿಯೇ? ಎರಡು, ಹೌದಾದರೆ, ಅದಕ್ಕೂ ಯಾವುದೇ ಸಾರ್ವಜನಿಕ ಚಟುವಟಿಕೆ ಅಥವಾ ಹಿತಾಸಕ್ತಿಗೂ ಸಂಬಂಧವೇ ಇಲ್ಲವೇ, ಅಥವಾ ಕೊಟ್ಟರೆ ಆ ವ್ಯಕ್ತಿಯ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆಯಾಗುತ್ತದೆಯೇ? ಮೂರು, ಇಷ್ಟಾದರೂ ಹೆಚ್ಚಿನ ಸಾರ್ವಜನಿಕ ಹಿತಾಸಕ್ತಿ ಇದೆಯೇ? ಜೊತೆಗೆ ಒಂದು ಪರಂತುಕ: ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾರಿಗೂ ನಿರಾಕರಿಸುವಂತಿಲ್ಲ.

ಎರಡನೇ ಮೆಟ್ಟಿಲೇ ಈ ಖಂಡದ ಜೀವ. ಅಲ್ಲಿ ಅರ್ಜಿದಾರ ಏನನ್ನೂ ಸಾಬೀತು ಮಾಡಬೇಕಿರಲಿಲ್ಲ. ಕಾಯ್ದೆಯ ಸೆಕ್ಷನ್ 6(2) ಪ್ರಕಾರ ಮಾಹಿತಿ ಯಾಕೆ ಬೇಕು ಎಂದು ಅರ್ಜಿದಾರನನ್ನು ಕೇಳುವಂತೆಯೇ ಇಲ್ಲ. ಸೆಕ್ಷನ್ 19(5) ಪ್ರಕಾರ ನಿರಾಕರಣೆ ಸರಿ ಎಂದು ಮೇಲ್ಮನವಿಯಲ್ಲಿ ತೋರಿಸುವ ಹೊರೆ ಅಧಿಕಾರಿಯದ್ದು. ಅಂದರೆ "ಇದಕ್ಕೂ ಸಾರ್ವಜನಿಕ ಚಟುವಟಿಕೆಗೂ ಸಂಬಂಧ ಇಲ್ಲ" ಎಂದು ಅಧಿಕಾರಿಯೇ ತೋರಿಸಬೇಕಿತ್ತು. ಮೂರನೇ ಮೆಟ್ಟಿಲಿಗೆ ಬಂದ ಮೇಲಷ್ಟೇ ಅರ್ಜಿದಾರ ಸಾರ್ವಜನಿಕ ಹಿತದ ಮಾತಾಡಬೇಕಿತ್ತು.

ಕಾಗದದ ಮೇಲೆ ಹೀಗಿತ್ತು. ಕೋರ್ಟಿನಲ್ಲಿ ಏನಾಯಿತು ನೋಡಿ.

2012ರ ಅಕ್ಟೋಬರ್‌ನಲ್ಲಿ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಆದೇಶ ಕೊಟ್ಟಿತು. ಭವಿಷ್ಯನಿಧಿ ಇಲಾಖೆಯ ಒಬ್ಬ ಜಾರಿ ಅಧಿಕಾರಿಗೆ ಕೊಟ್ಟ ಮೆಮೊ, ಷೋಕಾಸ್ ನೋಟಿಸ್, ಶಿಕ್ಷೆಯ ಆದೇಶ, ಆಸ್ತಿ ವಿವರ, ಪಡೆದ ಉಡುಗೊರೆಗಳು, ಆದಾಯ ತೆರಿಗೆ ರಿಟರ್ನ್ ಇವೆಲ್ಲ ಅರ್ಜಿಯಲ್ಲಿದ್ದವು. ನೌಕರನ ಕೆಲಸದ ಸಾಧನೆ ಮುಖ್ಯವಾಗಿ ನೌಕರ ಮತ್ತು ಮಾಲೀಕನ ನಡುವಿನ ವಿಷಯ, ಸೇವಾ ನಿಯಮಗಳು ಅದನ್ನು ನೋಡಿಕೊಳ್ಳುತ್ತವೆ, ಹಾಗಾಗಿ ಅದಕ್ಕೂ ಸಾರ್ವಜನಿಕ ಚಟುವಟಿಕೆಗೂ ಸಂಬಂಧವಿಲ್ಲ ಎಂದಿತು ಕೋರ್ಟು. ಹೆಚ್ಚಿನ ಸಾರ್ವಜನಿಕ ಹಿತವನ್ನು ಅರ್ಜಿದಾರ ತೋರಿಸಿಲ್ಲ ಎಂದು ಅರ್ಜಿ ವಜಾ ಆಯಿತು.

ಇಲ್ಲಿ ನಡೆದದ್ದನ್ನು ನಿಧಾನವಾಗಿ ನೋಡಬೇಕು. ತೆರಿಗೆ ರಿಟರ್ನ್ ಖಾಸಗಿ ಎಂದರೆ ಒಪ್ಪಬಹುದು. ಆದರೆ ಕರ್ತವ್ಯದಲ್ಲಿ ತಪ್ಪು ಮಾಡಿದ್ದಕ್ಕೆ ಸರ್ಕಾರ ಕೊಟ್ಟ ನೋಟಿಸ್? ಸಾರ್ವಜನಿಕ ಕೆಲಸ ಮಾಡುವಾಗಲೇ ಹುಟ್ಟಿದ ಕಾಗದ ಅದು. ಖಾಸಗಿ ಕಂಪನಿಯಲ್ಲಾದರೆ ನೌಕರ ಮತ್ತು ಮಾಲೀಕನ ನಡುವಿನ ವಿಷಯ ಎನ್ನಬಹುದು. ಸರ್ಕಾರಿ ನೌಕರನ ಮಾಲೀಕರು ಯಾರು? ಆ ಪ್ರಶ್ನೆಯನ್ನು ಆದೇಶ ಕೇಳಲೇ ಇಲ್ಲ. ಎರಡನೇ ಮೆಟ್ಟಿಲನ್ನು ಒಂದೇ ವಾಕ್ಯದಲ್ಲಿ ದಾಟಿ, ನೇರವಾಗಿ ಮೂರನೆಯದಕ್ಕೆ ಹೋಯಿತು. ಅಷ್ಟರಲ್ಲಿ ಹೊರೆ ಅಧಿಕಾರಿಯ ಹೆಗಲಿನಿಂದ ಅರ್ಜಿದಾರನ ಹೆಗಲಿಗೆ ಬಂದಿತ್ತು.

ಆಮೇಲೆ ಈ ಆದೇಶ ಎಲ್ಲ ಕಚೇರಿಗಳಿಗೂ ಸಿದ್ಧ ಉತ್ತರವಾಯಿತು. 2017ರ ಆಗಸ್ಟ್ 31ರಂದು ಕೆನರಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಅನುಸರಿಸಿತು. ಕೇಳಿದ್ದು ಬ್ಯಾಂಕಿನ ಗುಮಾಸ್ತ ದರ್ಜೆಯ ನೌಕರರ ವರ್ಗಾವಣೆ ಮತ್ತು ನಿಯೋಜನೆಯ ವಿವರ. ಯಾರು ಯಾವ ಶಾಖೆಯಲ್ಲಿ ಕೂತಿದ್ದಾರೆ ಎನ್ನುವುದು ಕೌಂಟರ್ ಮುಂದೆ ನಿಂತವರಿಗೆಲ್ಲ ಕಾಣುತ್ತದೆ. ಆದರೂ ವೈಯಕ್ತಿಕ ಮಾಹಿತಿ ಎಂದಾಯಿತು.

ಅದಕ್ಕೆ ಸರಿಯಾಗಿ ಒಂದು ವಾರ ಮೊದಲು, ಅದೇ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ಪುಟ್ಟಸ್ವಾಮಿ ತೀರ್ಪು ಕೊಟ್ಟಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿದ ತೀರ್ಪು ಅದು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರ ಆಧಾರ್ ಮೂಲಕ ಜನರ ವಿವರ ಸಂಗ್ರಹಿಸುವುದನ್ನು ಅವರು ಪ್ರಶ್ನಿಸಿದ್ದರು. ಸರ್ಕಾರದ ವಿರುದ್ಧ ಪ್ರಜೆಗೆ ರಕ್ಷಣೆ ಕೊಟ್ಟ ಆ ತೀರ್ಪನ್ನು ತೋರಿಸಿಯೇ ಇವತ್ತು ಸರ್ಕಾರ 'ಜೆ' ಖಂಡದ ತಿದ್ದುಪಡಿಯನ್ನು ಸಮರ್ಥಿಸಿಕೊಳ್ಳುತ್ತದೆ. ಆದರೆ ಖಾಸಗಿತನಕ್ಕೆ ಮಿತಿಯೇ ಇಲ್ಲ ಎಂದು ಆ ತೀರ್ಪು ಹೇಳಲಿಲ್ಲ. ಕಾನೂನಿನ ಆಧಾರ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮ ಇರಬೇಕು; ಇಷ್ಟಿದ್ದರೆ ಖಾಸಗಿತನವನ್ನು ಮಿತಿಗೊಳಿಸಬಹುದು ಎಂದಿತು. ಹಳೆಯ 'ಜೆ' ಖಂಡ ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಇದನ್ನೇ ಅಲ್ವಾ?

ಕೋರ್ಟು ನಿಜವಾಗಿ ಕೂತು ತೂಗಿದ್ದು 2019ರ ನವೆಂಬರ್ 13ರ ಸುಭಾಷ್ ಚಂದ್ರ ಅಗರ್‌ವಾಲ್ ತೀರ್ಪಿನಲ್ಲಿ. ವಿದ್ಯಾರ್ಥಿಗಳು ಓದಲೇಬೇಕಾದದ್ದು ಇದು. ಪ್ರಶ್ನೆ ಸುಪ್ರೀಂ ಕೋರ್ಟಿನ ಬಗ್ಗೆಯೇ ಇತ್ತು. ನ್ಯಾಯಮೂರ್ತಿಗಳು ತಮ್ಮ ಆಸ್ತಿ ವಿವರವನ್ನು ಮುಖ್ಯ ನ್ಯಾಯಮೂರ್ತಿಗೆ ಕೊಡಬೇಕು ಎಂದು 1997ರಲ್ಲಿ ಕೋರ್ಟು ನಿರ್ಣಯ ಮಾಡಿಕೊಂಡಿತ್ತು. ಹಾಗೆ ಕೊಟ್ಟಿದ್ದಾರೆಯೇ ಎಂದು 2007ರಲ್ಲಿ ಅರ್ಜಿ ಬಂತು. ಕೇಂದ್ರ ಮಾಹಿತಿ ಆಯೋಗ ಕೊಡಿ ಎಂದಿತು. 2009ರಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠವೂ, 2010ರಲ್ಲಿ ಪೂರ್ಣ ಪೀಠವೂ ಕೊಡಿ ಎಂದವು. ಸುಪ್ರೀಂ ಕೋರ್ಟು ತನ್ನ ಮುಂದೆಯೇ ತಾನು ಮೇಲ್ಮನವಿ ಹಾಕಿಕೊಂಡಿತು. ಕೊನೆಗೆ ಐವರ ಸಂವಿಧಾನ ಪೀಠ, ಮುಖ್ಯ ನ್ಯಾಯಮೂರ್ತಿಯ ಕಚೇರಿಯೂ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತದೆ ಎಂದಿತು.

ಪತ್ರಿಕೆಗಳು ಅಷ್ಟನ್ನೇ ತಲೆಬರಹ ಮಾಡಿದವು. ವಿಷಯ ಇರುವುದು ಅದರ ಕೆಳಗೆ. ಆಸ್ತಿ ವಿವರ ಕೊಟ್ಟಿದ್ದಾರೋ ಇಲ್ಲವೋ ಎಂಬ ಮಾಹಿತಿ ಬೇರೆ, ಆ ವಿವರದೊಳಗೆ ಏನಿದೆ ಎಂಬುದು ಬೇರೆ. ಅರ್ಜಿಯಲ್ಲಿದ್ದದ್ದು ಮೊದಲನೆಯದು. ಅದನ್ನು ಕೊಡುವುದರಿಂದ ಯಾರ ಖಾಸಗಿತನಕ್ಕೂ ಧಕ್ಕೆಯಿಲ್ಲ ಎಂದು ಹೈಕೋರ್ಟಿನ ಆದೇಶ ಎತ್ತಿಹಿಡಿದರು. ಜೊತೆಗಿದ್ದ ಇನ್ನೆರಡು ಅರ್ಜಿಗಳದ್ದು ಬೇರೆ ಕಥೆ. ಒಂದರಲ್ಲಿ ನ್ಯಾಯಮೂರ್ತಿಗಳ ನೇಮಕಾತಿ ಬಗ್ಗೆ ಕೊಲಿಜಿಯಂ ಪತ್ರವ್ಯವಹಾರ ಕೇಳಿದ್ದರು. ಅಲ್ಲಿ ಸಂಬಂಧಪಟ್ಟವರಿಗೆ ಸೆಕ್ಷನ್ 11ರ ಪ್ರಕಾರ ನೋಟಿಸ್ ಕೊಟ್ಟು, ಅವರ ಮಾತು ಕೇಳಿ, ಮಾಹಿತಿ ಅಧಿಕಾರಿ ಮತ್ತೆ ನಿರ್ಧರಿಸಲಿ ಎಂದು ವಾಪಸ್ ಕಳಿಸಿದರು.

ನನಗೆ ಈ ತೀರ್ಪಿನಲ್ಲಿ ಇಷ್ಟವಾಗುವುದು ವಿಧಾನ. ನ್ಯಾಯಮೂರ್ತಿ ಎನ್.ವಿ. ರಮಣ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಎರಡು ಹೆಜ್ಜೆ ಹೇಳುತ್ತಾರೆ. ಈ ಮಾಹಿತಿ ತನ್ನದೇ ಆಗಿ ಉಳಿಯುತ್ತದೆ ಎಂದು ಆ ವ್ಯಕ್ತಿ ನಿರೀಕ್ಷಿಸುವುದು ನ್ಯಾಯವೇ ಎಂಬುದು ಮೊದಲನೆಯದು. ಹಾಗೆ ನಿರೀಕ್ಷೆ ಇದ್ದರೆ ಮಾತ್ರ ಸಾರ್ವಜನಿಕ ಹಿತದ ಜೊತೆ ತೂಗುವುದು ಎರಡನೆಯದು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಇನ್ನಷ್ಟು ಬಿಗಿ ಮಾಡಿದರು. ಎರಡೂ ಹಕ್ಕುಗಳಿಗೆ ಆಗುವ ನಷ್ಟವನ್ನು ನೋಡಿ, ಯಾವ ಮಿತಿಯೂ ಬೇಕಾದ್ದಕ್ಕಿಂತ ಜಾಸ್ತಿ ಆಗದಂತೆ ನಿರ್ಧರಿಸಬೇಕು ಎಂದರು.

ಮುಖ್ಯ ತೀರ್ಪು ಬರೆದ ನ್ಯಾಯಮೂರ್ತಿ ಸಂಜೀವ್ ಖನ್ನಾ ಮಾತ್ರ ಒಂದು ಉದ್ದನೆಯ ಪಟ್ಟಿ ಕೊಟ್ಟರು. ಹೆಸರು, ವಿಳಾಸ, ಅಂಕಗಳು, ಉತ್ತರ ಪತ್ರಿಕೆ, ವಿದ್ಯಾರ್ಹತೆ, ಕೆಲಸದ ಮೌಲ್ಯಮಾಪನ, ಶಿಸ್ತು ಕ್ರಮ, ವೈದ್ಯಕೀಯ ದಾಖಲೆ ಎಲ್ಲವೂ ವೈಯಕ್ತಿಕ ಮಾಹಿತಿ. ಹೆಚ್ಚಿನ ಸಾರ್ವಜನಿಕ ಹಿತ ಇದ್ದರೆ ಕೊಡಬಹುದು ಎಂದರು. ಗಿರೀಶ್ ದೇಶಪಾಂಡೆ ಆದೇಶ ಇಲ್ಲಿ ಸಂವಿಧಾನ ಪೀಠದ ಮುದ್ರೆ ಪಡೆಯಿತು. ವಿಧಾನ ಒಳ್ಳೆಯದು, ಪಟ್ಟಿ ಅಗಲ. ಕಚೇರಿಗಳು ಎತ್ತಿಕೊಂಡದ್ದು ಪಟ್ಟಿಯನ್ನು.

ಎಲ್ಲ ಕೋರ್ಟುಗಳೂ ಹಾಗೆ ಓದಲಿಲ್ಲ ಎನ್ನುವುದನ್ನೂ ಹೇಳಬೇಕು. ಪುಣೆ ಜಿಲ್ಲಾ ನ್ಯಾಯಾಲಯದ ಕಿರಿಯ ಗುಮಾಸ್ತ ಹುದ್ದೆಗೆ ಅರ್ಜಿ ಹಾಕಿ ಆಯ್ಕೆಯಾಗದ ಒಬ್ಬ ಅಭ್ಯರ್ಥಿ, ಬೇರೆಯವರ ಅಂಕಗಳನ್ನು ಕೇಳಿದರು. 2024ರ ನವೆಂಬರ್‌ನಲ್ಲಿ ಬಾಂಬೆ ಹೈಕೋರ್ಟು ಕೊಡಿ ಎಂದಿತು. ವೈಯಕ್ತಿಕ ಮಾಹಿತಿ ಎಲ್ಲವೂ ವಿನಾಯಿತಿಯಲ್ಲ, ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ್ದು ಮಾತ್ರ ವಿನಾಯಿತಿ, ಸರ್ಕಾರಿ ನೇಮಕಾತಿ ಸಾರ್ವಜನಿಕ ಪ್ರಕ್ರಿಯೆ ಎನ್ನುವುದು ಅದರ ವಾದ. ಎರಡನೇ ಮೆಟ್ಟಿಲನ್ನು ಹತ್ತದೆ ದಾಟದಿದ್ದರೆ ಫಲಿತಾಂಶ ಹೇಗೆ ಬದಲಾಗುತ್ತದೆ ಎನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ. ಈಗ ಆ ಮೆಟ್ಟಿಲೇ ಇಲ್ಲ.

ಒಂದು ಕಾಲ್ಪನಿಕ ಅರ್ಜಿ ಇಟ್ಟುಕೊಂಡು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಒಂದು ಗ್ರಾಮ ಪಂಚಾಯಿತಿಯಲ್ಲಿ ಸಿಸಿ ರಸ್ತೆ ಮಾಡಿದ್ದಾರೆ. ಆರು ತಿಂಗಳಲ್ಲಿ ಬಿರುಕು ಬಿಟ್ಟಿದೆ. ಊರಿನವರೊಬ್ಬರು ಪಂಚಾಯಿತಿಗೆ ಅರ್ಜಿ ಹಾಕುತ್ತಾರೆ. ನಾಲ್ಕು ವಿಷಯ ಕೇಳುತ್ತಾರೆ: ಕಾರ್ಯಾದೇಶ, ಅಳತೆ ಪುಸ್ತಕ ಮತ್ತು ಬಿಲ್ಲುಗಳ ನಕಲು; ಗುತ್ತಿಗೆದಾರನ ಹೆಸರು ಮತ್ತು ಹಣ ಜಮೆಯಾದ ಖಾತೆಯ ವಿವರ; ಕೆಲಸ ನೋಡಿಕೊಂಡ ಕಿರಿಯ ಎಂಜಿನಿಯರ್‌ಗೆ ಕೊಟ್ಟ ನೋಟಿಸ್ ಮತ್ತು ತೆಗೆದುಕೊಂಡ ಕ್ರಮ; ಆ ಎಂಜಿನಿಯರ್ ಕೆಲಸದ ಅವಧಿಯಲ್ಲಿ ಹಾಕಿದ ರಜೆಯ ಕಾಗದಗಳು.

ಹಳೆಯ ಖಂಡದ ಪ್ರಕಾರ ಮೊದಲನೆಯದು ಸುಲಭ. ಅಳತೆ ಪುಸ್ತಕದಲ್ಲಿ ಎಂಜಿನಿಯರ್ ಹೆಸರು, ಸಹಿ ಇರುತ್ತದೆ. ಹಾಗೆಂದು ಅದು ವೈಯಕ್ತಿಕ ದಾಖಲೆ ಆಗುವುದಿಲ್ಲ. ಅವರು ಸಹಿ ಹಾಕಿದ್ದು ಹುದ್ದೆಯ ಕೆಲಸವಾಗಿ. ಕೊಡಲೇಬೇಕು.

ಎರಡನೆಯದರಲ್ಲಿ ಗುತ್ತಿಗೆದಾರನ ಹೆಸರು ಮತ್ತು ಪಾವತಿಯ ಮೊತ್ತ ಸಾರ್ವಜನಿಕ ಹಣಕ್ಕೆ ಸಂಬಂಧಿಸಿದ್ದು, ಕೊಡಬೇಕು. ಖಾತೆ ಸಂಖ್ಯೆ, ಪ್ಯಾನ್, ಆಧಾರ್ ಸಂಖ್ಯೆಯಿಂದ ರಸ್ತೆಯ ಗುಣಮಟ್ಟ ತಿಳಿಯುವುದಿಲ್ಲ, ಆದರೆ ಮೋಸಗಾರರಿಗೆ ಸಿಕ್ಕರೆ ತೊಂದರೆ ಇದೆ. ಅಷ್ಟನ್ನು ಮಾತ್ರ ಮರೆಮಾಡಿ ಉಳಿದ ಪುಟ ಕೊಡಬೇಕು. ಸೆಕ್ಷನ್ 10 ಇರುವುದು ಇದಕ್ಕೇ. ಹೀಗೆ ಭಾಗಶಃ ಕೊಡುವಾಗ ಯಾವ ಭಾಗ ತೆಗೆದಿದ್ದೇವೆ, ಯಾಕೆ, ನಿರ್ಧಾರ ಮಾಡಿದವರ ಹೆಸರು ಮತ್ತು ಹುದ್ದೆ ಏನು ಎಂದು ಅರ್ಜಿದಾರರಿಗೆ ಬರೆದು ತಿಳಿಸಬೇಕು. ಎಷ್ಟೋ ಕಡೆ ಒಂದು ಖಾತೆ ಸಂಖ್ಯೆ ಇದೆ ಎಂದು ಇಡೀ ಕಡತವನ್ನೇ ನಿರಾಕರಿಸುತ್ತಾರೆ. ಇದು ಹಳೆಯ ಕಾನೂನಿನಲ್ಲೂ ತಪ್ಪು, ಹೊಸದರಲ್ಲೂ ತಪ್ಪು. ಸೆಕ್ಷನ್ 10ನ್ನು ಯಾರೂ ಮುಟ್ಟಿಲ್ಲ.

ಮೂರನೆಯದೇ ಜಗಳ. ಹಳೆಯ ಪಠ್ಯವನ್ನು ಇದ್ದ ಹಾಗೆ ಓದಿದರೆ, ರಸ್ತೆ ಕೆಲಸದ ಲೋಪಕ್ಕೆ ಕೊಟ್ಟ ನೋಟಿಸ್ ಸಾರ್ವಜನಿಕ ಚಟುವಟಿಕೆಗೆ ನೇರವಾಗಿ ಸಂಬಂಧಿಸಿದೆ. ಗಿರೀಶ್ ದೇಶಪಾಂಡೆ ಪ್ರಕಾರ ಓದಿದರೆ ಸಿಗುವುದಿಲ್ಲ, ಹೆಚ್ಚಿನ ಸಾರ್ವಜನಿಕ ಹಿತ ತೋರಿಸಬೇಕು. ತೋರಿಸುವುದು ಹೇಗೆ? "ಭ್ರಷ್ಟಾಚಾರ ನಡೆದಿದೆ" ಎಂದು ಬರೆದರೆ ಯಾರೂ ಒಪ್ಪುವುದಿಲ್ಲ. ಬಿಲ್ಲಿನಲ್ಲಿ ಬರೆದ ಉದ್ದ ಇಷ್ಟು, ಸ್ಥಳದಲ್ಲಿ ಇರುವುದು ಇಷ್ಟು ಎಂದು ಮೊದಲ ಅರ್ಜಿಯಲ್ಲಿ ಸಿಕ್ಕ ಅಳತೆ ಪುಸ್ತಕವನ್ನೇ ಆಧಾರ ಮಾಡಿ ತೋರಿಸಿದರೆ ಆಯೋಗ ಕೇಳಬಹುದು. ಇಂಥ ಮಾಹಿತಿ ಕೊಡಲು ಅಧಿಕಾರಿ ಮನಸ್ಸು ಮಾಡಿದರೆ, ಅರ್ಜಿ ಬಂದ 5 ದಿನದೊಳಗೆ ಎಂಜಿನಿಯರ್‌ಗೆ ಮೂರನೇ ವ್ಯಕ್ತಿ ಎಂದು ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ 10 ದಿನದಲ್ಲಿ ಅವರು ಆಕ್ಷೇಪ ಹೇಳಬಹುದು. 40 ದಿನದೊಳಗೆ ತೀರ್ಮಾನ ಆಗಬೇಕು. ಆಕ್ಷೇಪ ಬಂತು ಎಂಬುದೇ ನಿರಾಕರಣೆಗೆ ಕಾರಣ ಆಗುವುದಿಲ್ಲ. ಅವರ ಮಾತು ಕೇಳಬೇಕು, ಅವರ ಒಪ್ಪಿಗೆ ಬೇಕಿಲ್ಲ.

ನಾಲ್ಕನೆಯದು ಚಿಕ್ಕದಾದರೂ ಸ್ವಾರಸ್ಯದ್ದು. ಎಂಜಿನಿಯರ್ ಯಾವ ದಿನ ಕೆಲಸದ ಜಾಗದಲ್ಲಿದ್ದರು ಎನ್ನುವುದು ಸಾರ್ವಜನಿಕ ವಿಷಯ. ಯಾಕೆಂದರೆ ಅವರು ರಜೆಯಲ್ಲಿದ್ದ ದಿನ ಅಳತೆ ಪುಸ್ತಕದಲ್ಲಿ ಅವರ ಸಹಿ ಇದ್ದರೆ ಏನೋ ಎಡವಟ್ಟಾಗಿದೆ ಎಂದರ್ಥ. ಆದರೆ ರಜೆ ಯಾಕೆ ಹಾಕಿದರು, ಯಾವ ಕಾಯಿಲೆ, ಯಾವ ಆಸ್ಪತ್ರೆ ಎನ್ನುವುದು ಅವರ ಸ್ವಂತ ವಿಷಯ. ದಿನಾಂಕ ಕೊಡಿ, ವೈದ್ಯಕೀಯ ಪ್ರಮಾಣಪತ್ರ ಕೊಡಬೇಡಿ. ಒಂದೇ ಕಾಗದದೊಳಗೆ ಪಾರದರ್ಶಕತೆಯೂ ಇದೆ, ಖಾಸಗಿತನವೂ ಇದೆ. ಸಮತೋಲನ ಎಂದರೆ ಇಷ್ಟು ಸಣ್ಣ ಕೆಲಸ.

ಈಗ ಇದೇ ಅರ್ಜಿಯನ್ನು ಹೊಸ ಖಂಡದ ಮುಂದೆ ಇಡಿ. ಅಲ್ಲಿರುವ ಪ್ರಶ್ನೆ ಒಂದೇ: ಇದು ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದೇ? ಎಂಜಿನಿಯರ್‌ಗೆ ಕೊಟ್ಟ ನೋಟಿಸ್, ಹೌದು. ರಜೆಯ ದಿನಾಂಕ, ಹೌದು. ಗುತ್ತಿಗೆದಾರ ಒಬ್ಬ ವ್ಯಕ್ತಿಯಾಗಿದ್ದರೆ ಅವನ ಹೆಸರು ಮತ್ತು ಪಡೆದ ಮೊತ್ತ, ಹೌದು ಎಂದು ವಾದ ಮಾಡಬಹುದು. ಗುತ್ತಿಗೆದಾರ ಕಂಪನಿಯಾಗಿದ್ದರೆ ಅಲ್ಲ! ಅದೇ ರಸ್ತೆ, ಅದೇ ಹಣ. ಬಿಲ್ಲು ಕಂಪನಿ ಹೆಸರಿನಲ್ಲಿದ್ದರೆ ಒಂದು ಉತ್ತರ, ವ್ಯಕ್ತಿಯ ಹೆಸರಿನಲ್ಲಿದ್ದರೆ ಇನ್ನೊಂದು.

ಸೆಕ್ಷನ್ 19(5) ಬದಲಾಗಿಲ್ಲ, ಹೊರೆ ಇನ್ನೂ ಅಧಿಕಾರಿಯ ಮೇಲೇ ಇದೆ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಹೊರೆ ಇದೆ, ಆದರೆ ಅದರ ಭಾರ ಹೋಗಿದೆ. ಮೊದಲು ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲ ಎಂದೋ, ಅನಗತ್ಯ ಧಕ್ಕೆ ಆಗುತ್ತದೆ ಎಂದೋ ತೋರಿಸಬೇಕಿತ್ತು. ಈಗ ಕಾಗದದಲ್ಲಿ ಒಬ್ಬ ಮನುಷ್ಯನ ವಿಷಯ ಇದೆ ಎಂದು ತೋರಿಸಿದರೆ ಸಾಕು.

ಸರ್ಕಾರದ ಉತ್ತರ ಹೀಗಿದೆ: ಸೆಕ್ಷನ್ 8(2) ಹಾಗೇ ಇದೆ, ಸಾರ್ವಜನಿಕ ಹಿತ ಜಾಸ್ತಿ ಇದ್ದರೆ ಮಾಹಿತಿ ಕೊಡಲು ಅಡ್ಡಿಯಿಲ್ಲ, ಬೇರೆ ಕಾನೂನುಗಳ ಪ್ರಕಾರ ಪ್ರಕಟಿಸಲೇಬೇಕಾದ ಮಾಹಿತಿ ಪ್ರಕಟವಾಗುತ್ತಲೇ ಇರುತ್ತದೆ. ಇದನ್ನು ತಳ್ಳಿಹಾಕುವಂತಿಲ್ಲ. ಎರಡನೇ ಮಾತಂತೂ ಸರಿ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4 ಇನ್ನೂ ಇದೆ. ಅದರ ಪ್ರಕಾರ ಪ್ರತಿ ಅಧಿಕಾರಿ ಮತ್ತು ನೌಕರನ ತಿಂಗಳ ಸಂಬಳವನ್ನೂ, ಸಬ್ಸಿಡಿ ಯೋಜನೆಗಳ ಫಲಾನುಭವಿಗಳ ವಿವರವನ್ನೂ ಇಲಾಖೆ ತಾನಾಗಿಯೇ ಪ್ರಕಟಿಸಬೇಕು. ಯಾರೂ ಅರ್ಜಿ ಹಾಕಬೇಕಿಲ್ಲ. 'ಜೆ' ತೋರಿಸಿ ಇದನ್ನು ತಡೆದರೆ ಅದು ಕಾನೂನಿನ ತಪ್ಪು ಓದು.

ಆದರೆ 8(2) ಹಳೆಯ 'ಜೆ'ಯ ಜಾಗ ತುಂಬುತ್ತದೆಯೇ? ನನ್ನ ಪ್ರಕಾರ ಪೂರ್ತಿ ತುಂಬುವುದಿಲ್ಲ. ಹಳೆಯ ಖಂಡದಲ್ಲಿ ತೂಗುವುದು ಮಾಹಿತಿ ಅಧಿಕಾರಿಯ ಕರ್ತವ್ಯದ ಭಾಗ. ಸಾರ್ವಜನಿಕ ಚಟುವಟಿಕೆಯ ಪ್ರಶ್ನೆಗೆ ಉತ್ತರ ಹೇಳದೆ ಅವರು ವಿನಾಯಿತಿಯೊಳಗೆ ಕಾಲಿಡುವಂತೆಯೇ ಇರಲಿಲ್ಲ. 8(2)ರಲ್ಲಿ "ಸಾರ್ವಜನಿಕ ಪ್ರಾಧಿಕಾರ ಕೊಡಬಹುದು" ಎಂದಿದೆ. ಅಂದರೆ ಮೊದಲು ವಿನಾಯಿತಿ ಬಿತ್ತು, ಆಮೇಲೆ ಬೇಕಿದ್ದರೆ ತೆಗೆಯುವುದು. ಮಾಹಿತಿ ಅಧಿಕಾರಿಯಾಗಿರುವ ಪಿಡಿಒ, "ಅದು ನನ್ನ ಕೈಯಲ್ಲಿಲ್ಲ, ಪ್ರಾಧಿಕಾರ ತೀರ್ಮಾನ ಮಾಡಬೇಕು" ಎಂದು ಫೈಲು ಮುಚ್ಚಬಹುದು. ಇನ್ನು ಸಾರ್ವಜನಿಕ ಹಿತ ಹಾನಿಗಿಂತ ಜಾಸ್ತಿ ಎಂದು ತೋರಿಸಬೇಕಾದರೆ ಅರ್ಜಿದಾರ ಕಾರಣ ಹೇಳಲೇಬೇಕು. ಕಾರಣ ಕೇಳಬಾರದು ಎಂದ ಸೆಕ್ಷನ್ 6(2) ಈ ದಾರಿಯಲ್ಲಿ ಸುಮ್ನೆ ಹೆಸರಿಗೆ ಉಳಿಯುತ್ತದೆ. ಕರ್ನಾಟಕದಲ್ಲಿ ಇನ್ನೊಂದು ಕಷ್ಟವಿದೆ. ಇಲ್ಲಿಯ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಮೇಲಿನ ನಾಲ್ಕು ವಿಷಯದ ಅರ್ಜಿಯನ್ನೇ ಇಲ್ಲಿ ಒಡೆದು ಹಾಕಬೇಕಾದೀತು. ಬೇಕಾದ ದಾಖಲೆಗಳ ಪಟ್ಟಿಗೇ ಆ ಪದಗಳು ಮುಗಿಯುತ್ತವೆ, ಸಾರ್ವಜನಿಕ ಹಿತದ ವಾದಕ್ಕೆ ಜಾಗವೆಲ್ಲಿ? ಅದನ್ನು ಮೊದಲ ಮೇಲ್ಮನವಿಯಲ್ಲಿ ವಿವರವಾಗಿ ಬರೆಯುವುದೇ ಸದ್ಯಕ್ಕಿರುವ ದಾರಿ. ನಿರಾಕರಣೆ ಕೈಸೇರಿದ 30 ದಿನದಲ್ಲಿ ಅದನ್ನು ಹಾಕಬೇಕು.

ಖಾಸಗಿತನದ ಕಡೆಯ ಅಳಲು ಸುಳ್ಳಲ್ಲ. ಸಹೋದ್ಯೋಗಿಯ ಮೇಲಿನ ಸಿಟ್ಟಿಗೆ ಅವರ ಜಾತಿ ಪ್ರಮಾಣಪತ್ರ, ಮನೆ ವಿಳಾಸ, ಕುಟುಂಬದ ವಿವರ ಕೇಳುವ ಅರ್ಜಿಗಳು ಬರುತ್ತವೆ. ಗಂಡ ಹೆಂಡತಿ ಜಗಳದಲ್ಲಿ ಸಂಬಳದ ಚೀಟಿ, ರಜೆಯ ದಾಖಲೆ ಕೇಳುತ್ತಾರೆ. ಮಹಿಳಾ ನೌಕರರಿಗೆ ಇದರಿಂದ ಕಿರುಕುಳ ಆಗುವುದೂ ಉಂಟು. ಇವರಿಗೆ ರಕ್ಷಣೆ ಬೇಕು. ಆದರೆ ಹಳೆಯ ಖಂಡದಲ್ಲಿದ್ದ "ಅನಗತ್ಯ ಧಕ್ಕೆ" ಎಂಬ ಮಾತು ಇದ್ದದ್ದು ಇಂಥವರಿಗಾಗಿಯೇ. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ದತ್ತಾಂಶ ರಕ್ಷಣೆಯ ಕರಡು ಕೊಟ್ಟಾಗ 'ಜೆ' ಖಂಡಕ್ಕೆ ಬೇರೆ ಮಾತು ಸೂಚಿಸಿತ್ತು: ಮಾಹಿತಿ ಕೊಟ್ಟರೆ ಆ ವ್ಯಕ್ತಿಗೆ ಹಾನಿಯಾಗುವ ಸಂಭವ ಇದ್ದು, ಆ ಹಾನಿ ಸಾರ್ವಜನಿಕ ಹಿತಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ನಿರಾಕರಿಸಬೇಕು. ಅದು ಹಳೆಯದಕ್ಕಿಂತಲೂ ಸ್ಪಷ್ಟವಾಗಿತ್ತು. ಸಂಸತ್ತು ಅದನ್ನು ತೆಗೆದುಕೊಳ್ಳಲಿಲ್ಲ.

ಪ್ರಶ್ನೆ ಈಗ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದೆ. ಅಲ್ಲಿ ಉಪಯೋಗಕ್ಕೆ ಬರುವ ಅಳತೆಗೋಲು ಸಿದ್ಧವಾಗಿದೆ. 2024ರ ಫೆಬ್ರುವರಿ 15ರಂದು ಚುನಾವಣಾ ಬಾಂಡ್ ಯೋಜನೆಯನ್ನು ರದ್ದು ಮಾಡುವಾಗ ಕೋರ್ಟಿನ ಮುಂದೆ ಇದೇ ಜೋಡಿ ಇತ್ತು: ದೇಣಿಗೆ ಕೊಟ್ಟವರ ಖಾಸಗಿತನ ಒಂದು ಕಡೆ, ಮತದಾರರ ತಿಳಿಯುವ ಹಕ್ಕು ಇನ್ನೊಂದು ಕಡೆ. ಒಂದೇ ಹಕ್ಕನ್ನು ಇಟ್ಟುಕೊಂಡು ಅಳೆದರೆ ಅದೇ ಯಾವಾಗಲೂ ಗೆಲ್ಲುತ್ತದೆ. ಹಾಗಾಗಿ ಎರಡೂ ಕಡೆಯಿಂದ ಅಳೆಯಬೇಕು ಎಂದು ಕೋರ್ಟು ಹೇಳಿತು. ತಂದ ಕ್ರಮ ಎರಡೂ ಹಕ್ಕುಗಳನ್ನು ಈಡೇರಿಸಲು ತಕ್ಕದ್ದೇ? ಎರಡನ್ನೂ ಉಳಿಸುವ, ಕಡಿಮೆ ಕತ್ತರಿಸುವ ಬೇರೆ ದಾರಿ ಇತ್ತೇ? ಒಂದಕ್ಕೆ ಆಗುವ ನಷ್ಟ ಅತಿಯಾಯಿತೇ?

ಈ ಅಳತೆಗೋಲಿನಲ್ಲಿ ಹೊಸ 'ಜೆ' ತೊಡರುವುದು ಎರಡನೇ ಪ್ರಶ್ನೆಯಲ್ಲಿ. ಕಡಿಮೆ ಕತ್ತರಿಸುವ ದಾರಿ ಕಲ್ಪಿಸಿಕೊಳ್ಳಬೇಕಿಲ್ಲ, ಹಳೆಯ ಖಂಡವೇ ಇತ್ತು, ಶ್ರೀಕೃಷ್ಣ ಸಮಿತಿಯ ಕರಡೂ ಇತ್ತು. ಸರ್ಕಾರ 8(2)ನ್ನು ತೋರಿಸಿ, ಎರಡನ್ನೂ ಒಟ್ಟಿಗೆ ಓದಿ ಎನ್ನುತ್ತದೆ. ಕೋರ್ಟು ಅದನ್ನು ಒಪ್ಪಿದರೆ, ಆ "ಕೊಡಬಹುದು" ಎಂಬುದನ್ನು "ಕೊಡಬೇಕು" ಎಂದು ಓದಿ ತಿದ್ದುಪಡಿಯನ್ನು ಉಳಿಸುವ ಸಾಧ್ಯತೆಯೂ ಇದೆ. ನಮ್ಮ ಕೋರ್ಟುಗಳು ಅಂಥ ಓದನ್ನು ಬೇರೆ ಕಾನೂನುಗಳಲ್ಲಿ ಮಾಡಿವೆ.

ಅದಕ್ಕೂ ಮೊದಲು ಇನ್ನೊಂದು ಗಂಟು ಬಿಡಿಸಬೇಕು. ಮಾಹಿತಿ ಹಕ್ಕು ಕಾಯ್ದೆಯಲ್ಲಿ "ವೈಯಕ್ತಿಕ ಮಾಹಿತಿ" ಎಂದರೆ ಏನು ಎಂಬ ವ್ಯಾಖ್ಯೆ ಎಲ್ಲೂ ಇಲ್ಲ. ಹಳೆಯ ಖಂಡದಲ್ಲಿ ಅದು ಬೇಕೂ ಇರಲಿಲ್ಲ, ಮುಂದಿನ ಷರತ್ತುಗಳು ಆ ಕೆಲಸ ಮಾಡುತ್ತಿದ್ದವು. ಈಗ ಇಡೀ ಸೆಕ್ಷನ್ನು ಆ ಎರಡು ಪದಗಳ ಮೇಲೆ ನಿಂತಿದೆ. ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ "ವೈಯಕ್ತಿಕ ದತ್ತಾಂಶ"ಕ್ಕೆ ವ್ಯಾಖ್ಯೆ ಇದೆ: ಒಬ್ಬ ವ್ಯಕ್ತಿಯನ್ನು ಗುರುತಿಸಲು ಆಗುವ, ಆ ವ್ಯಕ್ತಿಯ ಬಗೆಗಿನ ಯಾವುದೇ ದತ್ತಾಂಶ. ಕಂಪನಿಗಳು ಗ್ರಾಹಕರ ವಿವರ ಬಳಸುವುದನ್ನು ನಿಯಂತ್ರಿಸಲು ಅಷ್ಟು ಅಗಲವಾದ ವ್ಯಾಖ್ಯೆ ಬೇಕೇ ಬೇಕು. ಅದನ್ನೇ ತಂದು ಇಲ್ಲಿ ಕೂರಿಸಿದರೆ, ಅಳತೆ ಪುಸ್ತಕದ ಕೆಳಗಿನ ಎಂಜಿನಿಯರ್ ಸಹಿಯೂ ವೈಯಕ್ತಿಕವೇ, ಹಿಂಬರಹಕ್ಕೆ ಸಹಿ ಹಾಕಿದ ಪಿಡಿಒ ಹೆಸರೂ ವೈಯಕ್ತಿಕವೇ. ಇಲ್ಲ, ಹುದ್ದೆಯ ಕೆಲಸವಾಗಿ ಮಾಡಿದ್ದು ವೈಯಕ್ತಿಕ ಅಲ್ಲ ಎಂದು ಕೋರ್ಟು ಗೆರೆ ಎಳೆದರೆ, ಹಳೆಯ ಖಂಡದ ಎರಡನೇ ಮೆಟ್ಟಿಲು ಹಿಂದಿನ ಬಾಗಿಲಿನಿಂದ ವಾಪಸ್ ಬರುತ್ತದೆ. ವಿದ್ಯಾರ್ಥಿಗಳು ಮುಂದಿನ ತೀರ್ಪಿನಲ್ಲಿ ಮೊದಲು ಹುಡುಕಬೇಕಾದದ್ದು ಈ ಗೆರೆ ಎಲ್ಲಿ ಬಿತ್ತು ಎಂಬುದನ್ನು.